ಫ್ಯೂಸ್ ಸರಿ, ವೋಲ್ಟೇಜ್ ಸರಿ, ಸೀಟು ಮಾತ್ರ ಬಿಸಿಯಾಗದಿದ್ದರೆ

ಕಾರವಾರದ ಸೆಕೆಯಲ್ಲಿ ಬೆವರುತ್ತಿರುವವರಿಗೆ ಬಿಸಿಯಾಗುವ ಸೀಟಿನ ದುರಸ್ತಿಯ ಮಾತು ಹೇಳಿದರೆ ನಗು ಬರಬಹುದು. ಆದರೂ ಇಂಥ ಕಾರುಗಳು ನಮ್ಮ ಜಿಲ್ಲೆಯಲ್ಲಿ ಇವೆ. ನೌಕಾನೆಲೆಗೆ ವರ್ಗವಾಗಿ ಬರುವವರ ಜೊತೆ ದೆಹಲಿ, ಚಂಡೀಗಡದ ನೋಂದಣಿಯ ಕಾರುಗಳೂ ಬರುತ್ತವೆ. ಅವರು ಮತ್ತೆ ವರ್ಗವಾಗಿ ಹೊರಡುವಾಗ ಕೆಲವು ಇಲ್ಲೇ ಮಾರಾಟವಾಗಿ ಘಟ್ಟ ಹತ್ತುತ್ತವೆ. ಶಿರಸಿ, ಸಿದ್ದಾಪುರದ ಕಡೆ ಡಿಸೆಂಬರಿನ ಬೆಳಗಿನ ಇಬ್ಬನಿಯಲ್ಲಿ ಐದು ಗಂಟೆಗೆ ಹೊರಡುವವರಿಗೆ ಬೆಚ್ಚಗಿನ ಸೀಟು ಬೇಡವಾಗುವುದಿಲ್ಲ. ಸೊಂಟನೋವಿನವರಂತೂ ಮಳೆಗಾಲದಲ್ಲೂ ಅದನ್ನು ಬಿಡುವುದಿಲ್ಲ.

ಸೀಟು ಬಿಸಿಯಾಗುತ್ತಿಲ್ಲ ಎಂದು ಬರುವವರ ಮಾತು ಹೆಚ್ಚುಕಡಿಮೆ ಒಂದೇ: ಫ್ಯೂಸ್ ನೋಡಿಯಾಗಿದೆ, ಸರಿ ಇದೆ, ಸೀಟಿನ ಕೆಳಗೆ ಹನ್ನೆರಡು ವೋಲ್ಟ್ ಬರುತ್ತಿದೆ, ಹಾಗಾಗಿ ಒಳಗಿನ ಎಲಿಮೆಂಟೇ ಹೋಗಿರಬೇಕು. ಈ ತರ್ಕದ ಮೇಲೆ ಸೀಟಿನ ಹೊದಿಕೆ ಬಿಚ್ಚಿಸಿ, ದೊಡ್ಡ ಮೊತ್ತಕ್ಕೆ ಹೊಸ ಎಲಿಮೆಂಟ್ ಹಾಕಿಸಿ, ಅದೂ ಬಿಸಿಯಾಗದೆ ಕುಳಿತವರಿದ್ದಾರೆ. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯ ನಮ್ಮ ಊರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಎಲಿಮೆಂಟನ್ನಲ್ಲ, ಅದಕ್ಕೆ ಹೋಗುವ ಕನೆಕ್ಟರನ್ನು. ಅದನ್ನು ಹಿಡಿಯುವ ಬಗೆಯನ್ನು ಹುಲೇಕಲ್ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾರನ್ನು ಇಟ್ಟುಕೊಂಡು ಹೇಳುತ್ತೇನೆ. ಕೆಲವು ವರ್ಷ ಕಾರವಾರದ ಕಡಲ ಬದಿಯಲ್ಲಿ ನಿಂತಿದ್ದ ಕಾರು ಅದು. ಅದರಲ್ಲಿ ಎರಡು ದೂರುಗಳಿದ್ದವು. ಚಾಲಕನ ಸೀಟು ಉಗುರುಬೆಚ್ಚಗೆ ಮಾತ್ರ ಆಗುತ್ತಿತ್ತು, ಎರಡು ಮೂರು ನಿಮಿಷದಲ್ಲಿ ಗುಂಡಿಯ ದೀಪವೂ ಆರುತ್ತಿತ್ತು. ಸ್ಟಿಯರಿಂಗ್ ನೇರ ರಸ್ತೆಯಲ್ಲಿ ಬೆಚ್ಚಗಿರುತ್ತಿತ್ತು, ದೇವಿಮನೆ ಘಟ್ಟದ ತಿರುವುಗಳು ಶುರುವಾದರೆ ತಣ್ಣಗಾಗುತ್ತಿತ್ತು. ಪಕ್ಕದ ಸೀಟಿಗೆ ಯಾವ ತೊಂದರೆಯೂ ಇರಲಿಲ್ಲ. "ಮಾರಾಯರೇ, ನನ್ನ ಸೀಟು ಸರಿಯಾಗದಿದ್ದರೆ ನನ್ನ ಹೆಂಡತಿ ಡ್ರೈವಿಂಗ್ ನನಗೇ ಬಿಟ್ಟು ಪಕ್ಕದಲ್ಲೇ ಕುಳಿತುಕೊಳ್ಳುತ್ತಾಳೆ" ಎಂಬುದು ಮಾಲಕರ ಅಳಲು.

ಹಳದಿ ಕನೆಕ್ಟರಿಗೆ ಕೈ ಹಾಕಬೇಡಿ

ಸೀಟಿನ ಕೆಳಗೆ ತಲೆ ಹಾಕುವ ಮುನ್ನ ಒಂದು ಎಚ್ಚರಿಕೆ. ಅಲ್ಲಿ ಹಲವು ವೈರುಗಳ ಕಟ್ಟುಗಳಿರುತ್ತವೆ. ಅವುಗಳಲ್ಲಿ ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಕವಚ ಕಂಡರೆ ಅದು ಬದಿಯ ಏರ್‌ಬ್ಯಾಗಿಗೋ ಸೀಟ್ ಬೆಲ್ಟನ್ನು ಬಿಗಿಯುವ ಸಿಡಿಮದ್ದಿನ ಭಾಗಕ್ಕೋ ಸೇರಿದ್ದು. ಅದಕ್ಕೆ ಮಲ್ಟಿಮೀಟರಿನ ಕಡ್ಡಿ ತಾಗಿಸಲೇಬಾರದು. ಓಮ್ ಅಳೆಯುವಾಗ ಮೀಟರು ತನ್ನದೇ ಬ್ಯಾಟರಿಯಿಂದ ಸ್ವಲ್ಪ ವಿದ್ಯುತ್ತನ್ನು ಹರಿಸುತ್ತದೆ. ಆ ಭಾಗ ಸಿಡಿಯಲು ಬೇಕಾದದ್ದೂ ಸ್ವಲ್ಪವೇ ವಿದ್ಯುತ್ತು.

ಸೀಟಿನ ಯಾವ ಕನೆಕ್ಟರನ್ನು ಬಿಚ್ಚುವುದಿದ್ದರೂ ಇಗ್ನಿಷನ್ ಆರಿಸಿ, ಬ್ಯಾಟರಿಯ ಋಣ ತಂತಿಯನ್ನು ತೆಗೆದು, ಕಾರಿನ ದುರಸ್ತಿ ಕೈಪಿಡಿ ಹೇಳುವಷ್ಟು ಹೊತ್ತು ಕಾಯಿರಿ. ಏರ್‌ಬ್ಯಾಗಿನ ಪೆಟ್ಟಿಗೆಯೊಳಗಿನ ಕೆಪಾಸಿಟರು ಖಾಲಿಯಾಗಲು ಕೆಲವು ನಿಮಿಷ ಬೇಕು. ಇಗ್ನಿಷನ್ ಇರುವಾಗಲೇ ಬಿಚ್ಚಿದರೆ ಏರ್‌ಬ್ಯಾಗಿನ ದೀಪ ಹತ್ತಿಕೊಂಡು, ಮತ್ತೆ ಜೋಡಿಸಿದರೂ ಆರುವುದಿಲ್ಲ. ಅದನ್ನು ಅಳಿಸಲು ಸ್ಕ್ಯಾನರ್ ಇರುವವರ ಬಳಿ ಹೋಗಬೇಕಾಗುತ್ತದೆ.

ಗುಂಡಿಯ ದೀಪ ಹೇಳುವುದು ಎಷ್ಟು

ಸೀಟಿನ ಬಟ್ಟೆ ಅಥವಾ ಚರ್ಮದ ಕೆಳಗೆ ತೆಳುವಾದ ಹಾಸಿನ ಮೇಲೆ ಹೊಲಿದ ಅಥವಾ ಅಂಟಿಸಿದ ತಂತಿಯೇ ಎಲಿಮೆಂಟು. ಕೂರುವ ಭಾಗಕ್ಕೊಂದು, ಬೆನ್ನಿಗೊಂದು ಇರುತ್ತದೆ. ಕೆಲವು ಕಾರುಗಳಲ್ಲಿ ಎರಡನ್ನೂ ಸರಣಿಯಲ್ಲಿ ಜೋಡಿಸಿರುತ್ತಾರೆ, ಕೆಲವದರಲ್ಲಿ ಬೇರೆ ಬೇರೆಯಾಗಿ. ಕೂರುವ ಹಾಸಿನಲ್ಲೇ ಒಂದು ಪುಟ್ಟ ತಾಪ ಸಂವೇದಕವಿರುತ್ತದೆ. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ನಿಯಂತ್ರಣ ಪೆಟ್ಟಿಗೆ ಅದನ್ನು ಓದಿ ವಿದ್ಯುತ್ತನ್ನು ಕೊಡುತ್ತದೆ, ಕಡಿಯುತ್ತದೆ.

ಹಳೆಯ ಕಾರುಗಳಲ್ಲಿ ಎಲಿಮೆಂಟಿನ ಪೂರ್ತಿ ವಿದ್ಯುತ್ತು ಗುಂಡಿಯ ಮೂಲಕವೇ ಹಾದುಹೋಗುತ್ತಿತ್ತು. ಆದ್ದರಿಂದ ಗುಂಡಿಯ ಒಳಗಿನ ತುದಿಗಳು ಸುಟ್ಟು ಕಪ್ಪಾಗುವುದು ಸಾಮಾನ್ಯವಾಗಿತ್ತು. ಈಚಿನ ಕಾರುಗಳಲ್ಲಿ ಗುಂಡಿ ಕೇವಲ ಕೋರಿಕೆ ಸಲ್ಲಿಸುತ್ತದೆ, ಉಳಿದದ್ದು ಪೆಟ್ಟಿಗೆಯ ಕೆಲಸ. ಹಾಗಾಗಿ ದೀಪ ಹತ್ತಿದರೆ ಕೋರಿಕೆ ತಲುಪಿದೆ ಎಂದಷ್ಟೇ ಅರ್ಥ, ಸೀಟಿಗೆ ವಿದ್ಯುತ್ತು ಹೋಗುತ್ತಿದೆ ಎಂದಲ್ಲ. ಹತ್ತಿದ ದೀಪ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಆರಿದರೆ, ಪೆಟ್ಟಿಗೆ ವಿದ್ಯುತ್ತು ಕೊಟ್ಟು ನೋಡಿ, ಹರಿಯಬೇಕಾದಷ್ಟು ಹರಿಯದ್ದರಿಂದಲೋ ಸಂವೇದಕದ ಲೆಕ್ಕ ತಾಳೆಯಾಗದ್ದರಿಂದಲೋ ಕೈಬಿಟ್ಟಿದೆ ಎಂದು ಊಹಿಸಬಹುದು. ದೀಪ ಹತ್ತುವುದೇ ಇಲ್ಲವಾದರೆ ಮೊದಲು ಗುಂಡಿಯ ಹಲಗೆಯನ್ನು ನೋಡಿ. ನಮ್ಮಲ್ಲಿ ಬೆಲ್ಲದ ಕಷಾಯದ ಲೋಟವನ್ನು ಗೇರಿನ ಪಕ್ಕದಲ್ಲಿಟ್ಟುಕೊಂಡು ಘಟ್ಟ ಇಳಿಯುವ ಅಭ್ಯಾಸವಿದೆ. ಆ ಅಂಟು ಗುಂಡಿಗಳೊಳಗೆ ಇಳಿದು ಏನೆಲ್ಲ ಮಾಡುತ್ತದೆ ಎಂಬುದನ್ನು ಬಿಚ್ಚಿದವರೇ ಬಲ್ಲರು. ಸ್ಕ್ಯಾನರ್ ಇದ್ದರೆ ಗುಂಡಿ ಒತ್ತಿದ್ದು ಪೆಟ್ಟಿಗೆಗೆ ಕಾಣುತ್ತಿದೆಯೇ ಎಂದು ತೆರೆಯ ಮೇಲೆ ನೋಡಿಬಿಡಬಹುದು. ಹುಲೇಕಲ್ಲಿನ ಕಾರಿನಲ್ಲಿ ದೀಪ ಹತ್ತುತ್ತಿದ್ದುದರಿಂದ ಗುಂಡಿಯ ವಿಷಯ ಅಲ್ಲಿಗೇ ಮುಗಿಯಿತು.

ಇನ್ನೊಂದು ಸಂಗತಿ ಉತ್ತರದ ಊರುಗಳ ಕೈಪಿಡಿಗಳಲ್ಲಿ ಕಾಣುವುದು ಕಡಿಮೆ. ಏಪ್ರಿಲ್ ಮಧ್ಯಾಹ್ನ ಅಂಕೋಲೆಯಲ್ಲೋ ಕುಮಟೆಯಲ್ಲೋ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಈ ಪರೀಕ್ಷೆ ಮಾಡುವುದು ವ್ಯರ್ಥ. ಸೀಟು ಆಗಲೇ ಪೆಟ್ಟಿಗೆಯ ಗುರಿಗಿಂತ ಹೆಚ್ಚು ಕಾದಿರುತ್ತದೆ. ಸಂವೇದಕ ಅದನ್ನು ಹೇಳುತ್ತದೆ, ಪೆಟ್ಟಿಗೆ ವಿದ್ಯುತ್ತನ್ನೇ ಕೊಡುವುದಿಲ್ಲ. ಅದು ದೋಷವಲ್ಲ. ಬೆಳಗ್ಗೆ ಮಾಡಿ, ಇಲ್ಲವೇ ಎಸಿ ಹಾಕಿ ಒಳಗನ್ನು ಚೆನ್ನಾಗಿ ತಣಿಸಿದ ಮೇಲೆ ಮಾಡಿ. ಎಂಜಿನ್ ಓಡುತ್ತಿರಲಿ, ಬ್ಯಾಟರಿ ಉಳಿಸಲೆಂದು ಎಂಜಿನ್ ನಿಂತಾಗ ಈ ಸೌಲಭ್ಯವನ್ನು ತಡೆಹಿಡಿಯುವ ಕಾರುಗಳೇ ಹೆಚ್ಚು.

ಫ್ಯೂಸನ್ನು ಕಿತ್ತು ನೋಡಿದರೆ ಸಾಲದು

ಫ್ಯೂಸನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು, ತಂತಿ ಇದೆ ಎಂದು ಮತ್ತೆ ಸಿಕ್ಕಿಸುವುದು ಎಲ್ಲರೂ ಮಾಡುವ ಪರೀಕ್ಷೆ. ಅದರಿಂದ ಫ್ಯೂಸ್ ಕೂರುವ ಹಲ್ಲು ಸಡಿಲವಾಗಿದ್ದರೆ, ಕಿಲುಬು ಹಿಡಿದಿದ್ದರೆ ಗೊತ್ತಾಗುವುದಿಲ್ಲ. ಫ್ಯೂಸ್ ತನ್ನ ಜಾಗದಲ್ಲೇ ಇರಲಿ. ಅದರ ನೆತ್ತಿಯಲ್ಲಿ ಎರಡು ಪುಟ್ಟ ಲೋಹದ ತುದಿಗಳು ಕಾಣುತ್ತವೆ. ಸೀಟು ಚಾಲೂ ಇರುವಾಗ ಟೆಸ್ಟ್ ಲ್ಯಾಂಪನ್ನು ಎರಡಕ್ಕೂ ತಾಗಿಸಿ, ಎರಡೂ ಕಡೆ ಒಂದೇ ಸಮ ಉರಿಯಬೇಕು. ಒಂದು ಕಡೆ ಮಾತ್ರ ಉರಿದರೆ ಫ್ಯೂಸ್ ಹೋಗಿದೆ.

ಹೋಗಿದ್ದರೆ ಯಾಕೆ ಹೋಯಿತು ಎಂದು ಕೇಳದೆ ಹೊಸದನ್ನು ಹಾಕಬೇಡಿ. ದೊಡ್ಡದನ್ನಂತೂ ಹಾಕಲೇಬೇಡಿ. 15 ಆಂಪಿಯರಿನ ಜಾಗಕ್ಕೆ 30 ಹಾಕಿದರೆ ಉಳಿಯುವುದು ಫ್ಯೂಸ್, ಸುಡುವುದು ನೀವು ಕುಳಿತಿರುವ ಹಾಸು. ಸೀಟನ್ನು ಹಿಂದೆ ಮುಂದೆ ಸರಿಸುವಾಗ ಹೋಗುತ್ತದೆ ಎಂದಾದರೆ ಹಳಿಯ ಅಂಚಿಗೆ ವೈರು ಸವೆದಿದೆ. ಕಾರು ಅಡಿಕೆ ಅಟ್ಟದ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲುತ್ತಿದ್ದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ. ಹೊಸ ಫ್ಯೂಸುಗಳನ್ನು ಒಂದಾದ ಮೇಲೊಂದು ಬಲಿಕೊಡುವ ಬದಲು, ಫ್ಯೂಸಿನ ಜಾಗಕ್ಕೆ 55 ವಾಟಿನ ಹೆಡ್‌ಲೈಟ್ ಬಲ್ಬನ್ನು ಎರಡು ವೈರುಗಳಿಂದ ಜೋಡಿಸಿ. ವೈರು ಎಲ್ಲೋ ಬಾಡಿಗೆ ತಾಗಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಅದರ ಮೂಲಕ ಐದು ಆಂಪಿಯರಿಗಿಂತ ಹೆಚ್ಚು ಹರಿಯಲಾರದು. ಈಗ ನಿಧಾನವಾಗಿ ಸೀಟನ್ನು ಸರಿಸಿ, ವೈರಿನ ಕಟ್ಟನ್ನು ಅಲುಗಾಡಿಸಿ; ಬಲ್ಬು ಮಂಕಾದ ಜಾಗದಲ್ಲೇ ಸವೆತವಿದೆ.

ನಮ್ಮ ಕಾರಿನಲ್ಲಿ ಫ್ಯೂಸಿನ ಎರಡೂ ಕಡೆ 13.7 ವೋಲ್ಟ್ ಇತ್ತು. ಬ್ಯಾಟರಿಯಲ್ಲಿ 13.8.

ಖಾಲಿ ವೋಲ್ಟೇಜಿನ ಮೋಸ

ಇಲ್ಲಿಂದ ಮುಂದೆ ಬಹಳ ಜನ ದಾರಿ ತಪ್ಪುತ್ತಾರೆ. ಸೀಟಿನ ಕೆಳಗಿನ ಕನೆಕ್ಟರನ್ನು ಬಿಚ್ಚಿ, ಬಾಡಿಯ ಕಡೆಯ ತುಂಡಿನಲ್ಲಿ ಧನ ಮತ್ತು ಅರ್ತ್ ಪಿನ್ನುಗಳ ನಡುವೆ ಮೀಟರು ಹಿಡಿಯುತ್ತಾರೆ. 13.7 ತೋರಿಸುತ್ತದೆ. ವೈರಿಂಗ್ ಸರಿ ಇದೆ ಎಂದು ತೀರ್ಮಾನಿಸುತ್ತಾರೆ.

ಗುಡ್ಡದ ಒರತೆಯಿಂದ ಮನೆಗೆ ಪೈಪಿನಲ್ಲಿ ನೀರು ತಂದವರಿಗೆ ಇದರಲ್ಲಿರುವ ತಪ್ಪು ಬೇಗ ಹೊಳೆಯುತ್ತದೆ. ಪೈಪಿನೊಳಗೆ ಬೇರು ತುಂಬಿ ಕೂದಲೆಳೆಯಷ್ಟೇ ಸಂದಿ ಉಳಿದಿದ್ದರೂ, ಕೆಳಗೆ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತೆರೆದಾಗಲೇ ಬಂಡವಾಳ ಬಯಲಾಗುವುದು. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್. ಅದರ ಮೂಲಕ ಹರಿಯುವುದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ. ಅಷ್ಟು ವಿದ್ಯುತ್ತು ಕಿಲುಬು ಹಿಡಿದ ಪಿನ್ನಿನಲ್ಲೂ ನಿರಾತಂಕವಾಗಿ ಹೋಗುತ್ತದೆ. ಎಲಿಮೆಂಟು ಕೇಳುವುದು ಐದು ಆಂಪಿಯರ್.

ಆದ್ದರಿಂದ ವೋಲ್ಟೇಜನ್ನು ಹೊರೆ ಇರುವಾಗಲೇ ಅಳೆಯಬೇಕು. ಅಂದರೆ ಕನೆಕ್ಟರ್ ಜೋಡಿಸಿಯೇ ಇರಬೇಕು, ಸೀಟು ಗರಿಷ್ಠ ಮಟ್ಟದಲ್ಲಿ ಚಾಲೂ ಇರಬೇಕು, ಮೀಟರಿನ ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ ವೈರಿನ ಪಕ್ಕದಲ್ಲಿ ಸೂಜಿಯಷ್ಟು ತೆಳ್ಳಗಿನ ತುದಿಯಿಂದ ಪಿನ್ನಿಗೆ ತಾಗಿಸಬೇಕು. ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಚುಚ್ಚಬೇಡಿ. ಆ ತೂತಿನಿಂದ ಮುಂದಿನ ಮಳೆಗಾಲದಲ್ಲಿ ಇನ್ನೊಂದು ದೋಷ ಹುಟ್ಟುತ್ತದೆ. ಇನ್ನೊಂದು ತೊಡಕೂ ಇದೆ. ಪೆಟ್ಟಿಗೆಗಳು ವಿದ್ಯುತ್ತನ್ನು ಸೆಕೆಂಡಿಗೆ ಹಲವು ಬಾರಿ ಕಡಿದು ಕಡಿದು ಕೊಟ್ಟು ಬಿಸಿಯನ್ನು ಹದಗೊಳಿಸುತ್ತವೆ, ಆಗ ಮೀಟರಿನ ಅಂಕಿ ಕುಣಿಯುತ್ತದೆ. ತಣ್ಣಗಿರುವ ಸೀಟನ್ನು ಗರಿಷ್ಠಕ್ಕೆ ಹಾಕಿದ ಮೊದಲ ನಿಮಿಷದಲ್ಲಿ ಹೆಚ್ಚಿನ ಕಾರುಗಳು ಸತತವಾಗಿ ಕೊಡುತ್ತವೆ. ಆ ನಿಮಿಷದಲ್ಲೇ ಅಳೆದುಬಿಡಿ.

ಅದಕ್ಕೂ ಮೊದಲು, ಕನೆಕ್ಟರ್ ಬಿಚ್ಚಿ ಸೀಟಿನ ಕಡೆಯ ಎಲಿಮೆಂಟಿನ ರೋಧವನ್ನು ಒಮ್ಮೆ ನೋಡಿಕೊಳ್ಳಬೇಕು. ಎಷ್ಟಿರಬೇಕು ಎಂಬುದು ಕಾರಿನಿಂದ ಕಾರಿಗೆ ಬೇರೆ. ಆದರೆ ಹೋಲಿಸಲು ಪಕ್ಕದ ಸೀಟೇ ಇದೆಯಲ್ಲ! ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ. ಒಂದೆರಡು ಓಮಿನ ಲೆಕ್ಕದಲ್ಲಿ 0.3 ಓಮ್ ಕೂಡ ದೊಡ್ಡದೇ. ನಮ್ಮ ಕಾರಿನಲ್ಲಿ ಚಾಲಕನ ಸೀಟು 2.6 ಓಮ್, ಪಕ್ಕದ ಸೀಟೂ 2.6. ತಾಪ ಸಂವೇದಕ ಎರಡರಲ್ಲೂ 10 ಕಿಲೋ ಓಮಿನ ಆಸುಪಾಸು. ಅಂದರೆ ಎಲಿಮೆಂಟಿಗೆ ಏನೂ ಆಗಿಲ್ಲ, ಸೀಟಿನ ಹೊದಿಕೆ ಬಿಚ್ಚುವ ಮಾತೇ ಇಲ್ಲ.

ಮತ್ತೆ ಎಲ್ಲ ಜೋಡಿಸಿ, ಎಂಜಿನ್ ಓಡಿಸಿ, ಸೀಟು ಚಾಲೂ ಮಾಡಿ ಅಳೆದಾಗ ಸಿಕ್ಕ ಅಂಕಿಗಳು ಹೀಗಿದ್ದವು. ಕನೆಕ್ಟರಿನ ಧನ ಪಿನ್ನಿನಿಂದ ಬಾಡಿಗೆ 13.4 ವೋಲ್ಟ್. ಎಲಿಮೆಂಟಿನ ಎರಡು ತುದಿಗಳ ನಡುವೆ 9.1. ಹಾಗಾದರೆ ಉಳಿದ 4.3 ವೋಲ್ಟ್ ಅರ್ತಿನ ಕಡೆ ಎಲ್ಲೋ ಕರಗುತ್ತಿದೆ. ಕೆಂಪು ಕಡ್ಡಿಯನ್ನು ಸೀಟಿನ ಕಡೆಯ ಅರ್ತ್ ವೈರಿಗೆ, ಕಪ್ಪು ಕಡ್ಡಿಯನ್ನು ಬಾಡಿಯ ಬರಿಯ ಲೋಹಕ್ಕೆ ಹಿಡಿದರೆ ಸರಿಯಾಗಿ ಅದೇ 4.3. ಸೊನ್ನೆಗೆ ಹತ್ತಿರವಿರಬೇಕಾದ ಜಾಗ ಅದು, 0.2ಕ್ಕಿಂತ ಹೆಚ್ಚು ಕಂಡರೆ ನಾನು ಹುಡುಕಲು ಶುರುಮಾಡುತ್ತೇನೆ. ಕೆಂಪು ಕಡ್ಡಿಯನ್ನು ಅದೇ ಕನೆಕ್ಟರಿನ ಇನ್ನೊಂದು ಬದಿಗೆ, ಬಾಡಿಯ ಕಡೆಗೆ ಹೋಗುವ ಅರ್ತ್ ವೈರಿಗೆ ಸರಿಸಿದೆ. 0.1 ವೋಲ್ಟ್. ಎರಡು ಅಳತೆಗಳ ನಡುವೆ ಇದ್ದದ್ದು ಒಂದೇ ಒಂದು ಪಿನ್ನು.

ಒಂದುವೇಳೆ ಆ ಬದಿಯಲ್ಲೂ 4.3 ಬಂದಿದ್ದರೆ ಕನೆಕ್ಟರ್ ನಿರಪರಾಧಿ. ಆಗ ವೈರಿನ ಗುಂಟ ಮುಂದೆ ಹೋಗಿ, ಹಾಸುಗಂಬಳಿಯ ಕೆಳಗೆ ಅರ್ತ್ ವೈರು ಬಾಡಿಗೆ ಬೋಲ್ಟ್ ಆಗುವ ಜಾಗವನ್ನು ತೆರೆಯಬೇಕಿತ್ತು. ಕರಾವಳಿಯ ಕಾರುಗಳಲ್ಲಿ ಅದು ಎರಡನೆಯ ಶಂಕಿತ. ಧನದ ಕಡೆ ಇಳಿತ ಕಂಡಿದ್ದರೆ ಇದೇ ಕ್ರಮದಲ್ಲಿ ಬ್ಯಾಟರಿಯ ಧನ ತುದಿಯಿಂದ ಹಿಂದಕ್ಕೆ ಬರಬೇಕು. ಆ ಕಡೆ ಪೆಟ್ಟಿಗೆ, ಫ್ಯೂಸ್ ಎಲ್ಲ ಸೇರಿ ಅರ್ಧ ವೋಲ್ಟಿನಷ್ಟು ಇಳಿತ ಸಹಜ.

ಈ ಅಂಕಿಗಳು ಕಾರಿನ ಲಕ್ಷಣಗಳನ್ನೂ ವಿವರಿಸುತ್ತವೆ. 9.1 ವೋಲ್ಟನ್ನು 2.6 ಓಮಿನಿಂದ ಭಾಗಿಸಿದರೆ 3.5 ಆಂಪಿಯರ್. ಎಲಿಮೆಂಟಿಗೆ ಸಿಕ್ಕಿದ್ದು 32 ವಾಟ್, ಸಿಗಬೇಕಾದದ್ದರ ಅರ್ಧ. ಅದಕ್ಕೇ ಉಗುರುಬೆಚ್ಚಗೆ. ಅದೇ 3.5 ಆಂಪಿಯರ್ ಪಿನ್ನಿನಲ್ಲಿ 4.2 ವೋಲ್ಟನ್ನು ಕಳೆದುಕೊಳ್ಳುವಾಗ ಅಲ್ಲಿ ಸುಮಾರು 15 ವಾಟ್ ಬಿಸಿ ಹುಟ್ಟುತ್ತದೆ. ಬೆರಳಿನ ಉಗುರಿಗಿಂತ ಚಿಕ್ಕ ಜಾಗದಲ್ಲಿ 15 ವಾಟ್! ಸೀಟನ್ನು ಬಿಸಿ ಮಾಡಬೇಕಾದ ವಿದ್ಯುತ್ತು ಹಾಸುಗಂಬಳಿಯ ಮೇಲಿನ ಪ್ಲಾಸ್ಟಿಕ್ಕನ್ನು ಬೇಯಿಸುತ್ತಿತ್ತು. ಪೆಟ್ಟಿಗೆ ಎರಡು ಮೂರು ನಿಮಿಷದಲ್ಲಿ ಕೈಬಿಡುತ್ತಿದ್ದುದರಿಂದ ಬೆಂಕಿಯಾಗಲಿಲ್ಲ ಅಷ್ಟೇ.

ಬ್ಯಾಟರಿ ತೆಗೆದು, ಕಾದು, ಕನೆಕ್ಟರ್ ಬಿಚ್ಚಿದಾಗ ಅರ್ತ್ ಪಿನ್ನಿನ ಸುತ್ತ ಹಸಿರು ಕಿಲುಬು, ಅದರ ಗೂಡಿನ ಪ್ಲಾಸ್ಟಿಕ್ ಕಂದಿ ಉಬ್ಬಿತ್ತು. ಅದೇ ಕನೆಕ್ಟರಿನ ಉಳಿದ ಪಿನ್ನುಗಳಿಗೂ ಸ್ವಲ್ಪ ಕಿಲುಬಿತ್ತು, ಆದರೆ ಅವು ದೂರು ಹೇಳಿರಲಿಲ್ಲ. ಅವುಗಳಲ್ಲಿ ಹರಿಯುವುದು ಸಂವೇದಕದ ಅಲ್ಪ ವಿದ್ಯುತ್ತು. ಸೀಟು ಸರಿಸುವ ಮೋಟಾರು ಹೆಚ್ಚು ಎಳೆದರೂ ಕೆಲವೇ ಸೆಕೆಂಡು. ನಿಮಿಷಗಟ್ಟಲೆ ಐದು ಆಂಪಿಯರ್ ಎಳೆಯುವುದು ಎಲಿಮೆಂಟು ಮಾತ್ರ, ಆದ್ದರಿಂದ ಕೆಟ್ಟ ಪಿನ್ನನ್ನು ಮೊದಲು ಬಯಲಿಗೆ ತರುವುದೂ ಅದೇ.

ಉಜ್ಜಿ ಬಿಟ್ಟರೆ ಮರಳಿ ಬರುತ್ತದೆ

ಉಪ್ಪುಕಾಗದದಿಂದ ಪಿನ್ನನ್ನು ಉಜ್ಜಿ, ಏನನ್ನೋ ಸಿಂಪಡಿಸಿ, ಜೋಡಿಸಿ ಕಳಿಸುವವರಿದ್ದಾರೆ. ಆ ದಿನ ಸೀಟು ಬಿಸಿಯಾಗುತ್ತದೆ. ಆದರೆ ಒಮ್ಮೆ ಕಾದ ಹೆಣ್ಣು ಪಿನ್ನು ಬಿಗಿತ ಕಳೆದುಕೊಂಡಿರುತ್ತದೆ, ಉಜ್ಜಿದಾಗ ಅದರ ಲೇಪವೂ ಹೋಗುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಅದೇ ಕಥೆ. ಎರಡೂ ಬದಿಯ ಪಿನ್ನುಗಳನ್ನು ಬದಲಿಸುವುದೇ ಸರಿ. ಪ್ಲಾಸ್ಟಿಕ್ ಉಬ್ಬಿದ್ದರೆ ಗೂಡನ್ನೂ ಬದಲಿಸಬೇಕು. ವೈರನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಿ ತಾಮ್ರ ಕೆಂಪಾಗಿ ಹೊಳೆಯುವ ತನಕ ಬನ್ನಿ. ಕಿಲುಬು ಹೊದಿಕೆಯ ಒಳಗೆ ಎಳೆಗಳ ಗುಂಟ ಹರಿದಿರುತ್ತದೆ, ಕಪ್ಪಾದ ತಾಮ್ರಕ್ಕೆ ಹೊಸ ಪಿನ್ನು ಹಿಡಿಯುವುದಿಲ್ಲ. ಪಿನ್ನನ್ನು ಅದಕ್ಕೆಂದೇ ಇರುವ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಜೋಡಿಸುವಾಗ ಸಿಲಿಕಾನ್ ಗ್ರೀಸನ್ನು ತೆಳ್ಳಗೆ ಹಚ್ಚಿದರೆ ತೇವ ದೂರ ಉಳಿಯುತ್ತದೆ. ಗೂಡು ತುಂಬುವಷ್ಟು ಬೇಡ.

ಮುಗಿದ ಮೇಲೆ ಮತ್ತೆ ಅಳೆದಾಗ ಧನದ ಪಿನ್ನಿನಲ್ಲಿ 13.2, ಅರ್ತಿನಲ್ಲಿ 0.1, ಎಲಿಮೆಂಟಿಗೆ 13.1 ವೋಲ್ಟ್. ಐದು ಆಂಪಿಯರ್, 66 ವಾಟ್. ಧನದ ಕಡೆಯ ವೋಲ್ಟೇಜ್ ಮೊದಲಿಗಿಂತ ಸ್ವಲ್ಪ ಇಳಿದದ್ದು ಕಂಡು ಗಾಬರಿಯಾಗಬೇಡಿ. ಹೆಚ್ಚು ವಿದ್ಯುತ್ತು ಹರಿಯುವಾಗ ವೈರಿನಲ್ಲಿ ಇಳಿತವೂ ಹೆಚ್ಚುತ್ತದೆ. ಆಂಪಿಯರನ್ನು ನೇರವಾಗಿ ನೋಡಲು ಕ್ಲ್ಯಾಂಪ್ ಮೀಟರ್ ಬಳಸುವುದಾದರೆ ಅದು ಡಿಸಿ ಅಳೆಯುತ್ತದೆಯೇ ಎಂದು ನೋಡಿಕೊಳ್ಳಿ. ಮನೆಯ ವೈರಿಂಗಿಗೆಂದು ಮಾರುವ ಅಗ್ಗದವು ಎಸಿ ಮಾತ್ರ ಅಳೆಯುತ್ತವೆ, ಕಾರಿನಲ್ಲಿ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತವೆ.

ಪಿನ್ನಿಗೆ ನೀರು ಬಂದದ್ದೆಲ್ಲಿಂದ ಎಂಬ ಪ್ರಶ್ನೆ ಉಳಿಯಿತು. ಹಾಸುಗಂಬಳಿಯ ಮೇಲ್ಮೈ ಒಣಗಿತ್ತು. ಅದರಡಿಯ ದಪ್ಪ ಸ್ಪಂಜನ್ನು ಒತ್ತಿದರೆ ಬೆರಳು ಒದ್ದೆ. ಈ ಕಾರಿಗೆ ಮೇಲ್ಛಾವಣಿಯಲ್ಲಿ ಸನ್‌ರೂಫ್ ಇದೆ. ಅದರ ಸುತ್ತಲಿನ ಕಾಲುವೆಗೆ ಬಿದ್ದ ಮಳೆನೀರು ನಾಲ್ಕು ಮೂಲೆಗಳ ಕೊಳವೆಗಳಿಂದ ಕೆಳಗಿಳಿದು ಹೊರಗೆ ಹೋಗಬೇಕು. ಮರದಡಿ ನಿಲ್ಲುವ ಕಾರಿನಲ್ಲಿ ಎಲೆಯ ಪುಡಿ ಸೇರಿ ಮುಂದಿನ ಬಲಗಡೆಯ ಕೊಳವೆ ಕಟ್ಟಿಕೊಂಡಿತ್ತು, ನೀರು ಒಳಗಿನಿಂದ ಚಾಲಕನ ಕಾಲಬುಡಕ್ಕೆ ಇಳಿಯುತ್ತಿತ್ತು. ಅದನ್ನು ಬಿಡಿಸಲು ಕಂಪ್ರೆಸರಿನ ಗಾಳಿ ಹೊಡೆಯಬೇಡಿ. ಕೊಳವೆ ಒಳಗೇ ಕಳಚಿಕೊಂಡರೆ ಛಾವಣಿಯ ಬಟ್ಟೆ ಇಳಿಸಬೇಕಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಸಾಕು, ಮನೆಯಲ್ಲಿ ಹೇಗೂ ಇರುತ್ತದೆ. ಆಮೇಲೆ ಒಂದು ಲೋಟ ನೀರು ನಿಧಾನವಾಗಿ ಸುರಿದು, ಅದು ಚಕ್ರದ ಹಿಂದೆ ಸುರಿಯುತ್ತದೆಯೇ ನೋಡಿ. ಸ್ಪಂಜನ್ನು ಎತ್ತಿ ಪೂರ್ತಿ ಒಣಗಿಸದೆ ಕಾರನ್ನು ಒಪ್ಪಿಸಬಾರದು. ಮೇಲಿಂದ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ಆವಿ ಬಿಡುತ್ತಲೇ ಇರುತ್ತದೆ.

ತಿರುವಿನಲ್ಲಿ ತಣ್ಣಗಾಗುವ ಸ್ಟಿಯರಿಂಗ್

ಸ್ಟಿಯರಿಂಗಿನ ಬಳೆಯ ಚರ್ಮದಡಿಯೂ ಇಂಥದೇ ಎಲಿಮೆಂಟಿದೆ. ತೊಡಕೆಂದರೆ ಅದು ತಿರುಗುತ್ತದೆ. ತಿರುಗುವ ಚಕ್ರಕ್ಕೆ ವಿದ್ಯುತ್ತು ಕೊಡಲು ಹಿಂಬದಿಯಲ್ಲಿ ಸ್ಪೈರಲ್ ಕೇಬಲ್ ಇರುತ್ತದೆ. ಗಡಿಯಾರದ ಸುರುಳಿಯಂತೆ ಸುತ್ತಿಟ್ಟ ಚಪ್ಪಟೆ ಪಟ್ಟಿ ಅದು. ಹಾರ್ನ್, ಗುಂಡಿಗಳು, ಏರ್‌ಬ್ಯಾಗ್, ಎಲಿಮೆಂಟು ಎಲ್ಲದರ ದಾರಿಯೂ ಅದರೊಳಗೇ. ಪಟ್ಟಿಯ ಒಂದು ಎಳೆ ಬಿರುಕು ಬಿಟ್ಟರೆ ಕೆಲವು ಕೋನಗಳಲ್ಲಿ ಕೂಡುತ್ತದೆ, ಕೆಲವದರಲ್ಲಿ ಬಿಡುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಸ್ಟಿಯರಿಂಗಿಗೆ ಕೈ ಹಾಕಬೇಕಾಗಿಲ್ಲ. ಫ್ಯೂಸ್ ಕೂಡ ಒಂದು ಸಣ್ಣ ರೋಧವೇ. ಅದರ ಮೂಲಕ ವಿದ್ಯುತ್ತು ಹರಿಯುವಾಗ ನೆತ್ತಿಯ ಎರಡು ತುದಿಗಳ ನಡುವೆ ಕೆಲವು ಮಿಲಿವೋಲ್ಟಿನ ಇಳಿತವಿರುತ್ತದೆ. ಸಾಮಾನ್ಯ ಅಳತೆಯ 15 ಆಂಪಿಯರಿನ ಫ್ಯೂಸಿನಲ್ಲಿ ಐದು ಆಂಪಿಯರ್ ಹರಿದರೆ ಸುಮಾರು ಇಪ್ಪತ್ತೈದು ಮಿಲಿವೋಲ್ಟ್. ಮೀಟರನ್ನು ಮಿಲಿವೋಲ್ಟಿಗಿಟ್ಟು ಸ್ಟಿಯರಿಂಗ್ ಎಲಿಮೆಂಟಿನ ಫ್ಯೂಸಿನ ನೆತ್ತಿಗೆ ಹಿಡಿಯಿರಿ. ಎಂಜಿನ್ ಓಡುತ್ತಿರಲಿ, ಎಲಿಮೆಂಟು ಚಾಲೂ ಇರಲಿ, ಇನ್ನೊಬ್ಬರು ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಲಿ. ಆ ಫ್ಯೂಸಿನಲ್ಲಿ ಬೇರೆ ಉಪಕರಣವೂ ಇದ್ದರೆ ಅದನ್ನು ಮೊದಲು ಆರಿಸಿಕೊಳ್ಳಿ. ಹುಲೇಕಲ್ಲಿನ ಕಾರಿನಲ್ಲಿ ಬಲಕ್ಕೆ ಹೆಚ್ಚುಕಡಿಮೆ ಒಂದು ಸುತ್ತು ತಿರುಗಿಸಿದಾಗ ಅಂಕಿ ಸೊನ್ನೆಗೆ ಬಿದ್ದು, ಹಿಂದಕ್ಕೆ ತಂದಾಗ ಮರಳಿ ಬಂತು. ಪ್ರತಿ ಸಲವೂ ಅದೇ ಕೋನ. ಎಲಿಮೆಂಟಿನ ದೋಷವಾಗಿದ್ದರೆ ಅದಕ್ಕೆ ಕೋನದ ಹಂಗಿರುತ್ತಿರಲಿಲ್ಲ.

ಸ್ಪೈರಲ್ ಕೇಬಲನ್ನು ರಿಪೇರಿ ಮಾಡುವುದಿಲ್ಲ, ಇಡಿಯಾಗಿ ಬದಲಿಸಬೇಕು. ಹಾರ್ನಿಗಷ್ಟೇ ಆಗಿದ್ದರೆ ಯಾರಾದರೂ ಬೆಸುಗೆ ಹಾಕುವ ಧೈರ್ಯ ಮಾಡಬಹುದೇನೋ, ಆದರೆ ಏರ್‌ಬ್ಯಾಗಿನ ಎಳೆಯೂ ಅದೇ ಪಟ್ಟಿಯಲ್ಲಿದೆ. ಏರ್‌ಬ್ಯಾಗ್ ಇಳಿಸಿ ಅಭ್ಯಾಸವಿರುವವರ ಕೈಯಲ್ಲೇ ಈ ಕೆಲಸ ಮಾಡಿಸಿ. ಚಕ್ರಗಳು ನೇರ ಇರಬೇಕು, ಹೊಸ ಕೇಬಲ್ ಅದರ ಮೇಲಿನ ಗುರುತಿನಂತೆ ನಡುಮಧ್ಯಕ್ಕೆ ಬಂದಿರಬೇಕು. ಒಂದೇ ಸುತ್ತು ಆಚೀಚೆಯಾಗಿ ಕೂರಿಸಿದರೂ ಮೊದಲ ಪೂರ್ಣ ತಿರುವಿನಲ್ಲೇ ಪಟ್ಟಿ ಹರಿಯುತ್ತದೆ. ಜೋಡಿಸಿದ ಮೇಲೆ ಸ್ಟಿಯರಿಂಗ್ ಕೋನದ ಸಂವೇದಕವನ್ನು ಸ್ಕ್ಯಾನರಿನಿಂದ ಸೊನ್ನೆಗೆ ಹೊಂದಿಸಬೇಕಾಗುತ್ತದೆ.

ಎಲಿಮೆಂಟೇ ಹೋಗಿದ್ದರೆ

ಅದೂ ಆಗುತ್ತದೆ. ಕಾರಿನ ಒಳಗನ್ನು ಒರೆಸುವಾಗ ಸೀಟಿನ ಮೇಲೆ ಮಂಡಿಯೂರುವುದೇ ಮುಖ್ಯ ಕಾರಣ. ಒಂದೇ ಬಿಂದುವಿನ ಮೇಲೆ ಇಡೀ ದೇಹದ ಭಾರ ಬಿದ್ದು ತಂತಿ ಮುರಿಯುತ್ತದೆ. ಆಗ ಸೀಟಿನ ಕಡೆಯ ರೋಧ ಅನಂತ ತೋರಿಸುತ್ತದೆ, ಅಥವಾ ಸೀಟಿನ ಮೇಲೆ ಕುಳಿತು ಅಲುಗಾಡಿದಂತೆ ಅಂಕಿ ಜಿಗಿಯುತ್ತದೆ. ಅನುಮಾನವಿದ್ದರೆ 10 ಆಂಪಿಯರಿನ ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಯ ವಿದ್ಯುತ್ತನ್ನು ನೇರವಾಗಿ ಎಲಿಮೆಂಟಿಗೆ ಕೊಟ್ಟು ನೋಡಬಹುದು. ಒಂದು ನಿಮಿಷಕ್ಕಿಂತ ಹೆಚ್ಚು ಬೇಡ, ಈ ದಾರಿಯಲ್ಲಿ ಬಿಸಿಯನ್ನು ತಡೆಯುವವರು ಯಾರೂ ಇಲ್ಲ. ಸೀಟಿನ ಮೇಲೆ ಅಂಗೈ ಸರಿಸುತ್ತ ಹೋಗಿ. ಎಲ್ಲೆಡೆ ಸಮವಾಗಿ ಬೆಚ್ಚಗಾದರೆ ಒಳ್ಳೆಯದು. ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಚುರುಕ್ಕೆಂದರೆ ಅಲ್ಲಿ ತಂತಿ ಅರ್ಧ ಮುರಿದಿದೆ.

ಅಂಥ ಸೀಟನ್ನು ಮತ್ತೆ ಚಾಲೂ ಮಾಡಬೇಡಿ, ಹೊಸ ಹಾಸು ಬರುವವರೆಗೆ ಫ್ಯೂಸ್ ತೆಗೆದಿಡಿ. ಆ ಫ್ಯೂಸಿನಲ್ಲಿ ಬೇರೇನಾದರೂ ಇದ್ದರೆ ಸೀಟಿನ ಎಲಿಮೆಂಟಿನ ಕನೆಕ್ಟರನ್ನೇ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಕಟ್ಟಿಡಿ. ಸಕ್ಕರೆ ಕಾಯಿಲೆಯಿಂದ ಕಾಲು, ತೊಡೆಯ ಸ್ಪರ್ಶ ಕುಂದಿದ ಹಿರಿಯರು ಆ ಸೀಟಿನಲ್ಲಿ ಕೂರುವವರಾಗಿದ್ದರೆ ಇದನ್ನು ನಾಳೆಗೆ ಬಿಡಬೇಡಿ. ಚರ್ಮ ಸುಡುವುದು ಅವರಿಗೆ ಗೊತ್ತೇ ಆಗುವುದಿಲ್ಲ.